ಹಾರಂಗಿಯಿಂದ ಡಾಲರ್ ಲೆಕ್ಕ

ಜುಲೈನಲ್ಲಿ ಹಾರಂಗಿ ಅಣೆಕಟ್ಟಿನ ಗೇಟು ತೆಗೆದಾಗ ನೀರು ಧುಮುಕುವುದನ್ನು ಮೊಬೈಲಿನಲ್ಲಿ ಹಿಡಿದು ಯೂಟ್ಯೂಬಿಗೆ ಹಾಕಿದ್ದು ನನ್ನ ಮೊದಲ ಓಡಿದ ವಿಡಿಯೊ. ಆಮೇಲೆ ತೋಟದ ಕೆಲಸ, ಕಾಫಿ ಕೊಯ್ಲು, ಮಳೆಗಾಲದ ಅಡುಗೆ ಎಲ್ಲವೂ ಸೇರಿಕೊಂಡವು. ಮನೆಯ ಎರಡು ಕೋಣೆಗಳಲ್ಲಿ ಹೋಮ್‌ಸ್ಟೇ, ನನ್ನ ಪಾಲಿಗೆ ಬಂದ ಒಂದಿಷ್ಟು ಕಾಫಿ ತೋಟ. ಈ ಮೂರೂ ಒಂದೇ ಪ್ಯಾನ್ ನಂಬರಿನಡಿ ಬಂದಾಗ ಏನಾಗುತ್ತದೆ ಎಂದು ನಾನು ಕಲಿತದ್ದು ನಿಧಾನವಾಗಿ, ಸ್ವಲ್ಪ ದುಡ್ಡು ಕಳೆದುಕೊಂಡೇ. ಕೆಳಗಿನ ಅಂಕಿಗಳು 2025-26ರ ನನ್ನ ಲೆಕ್ಕ, ದುಂಡಾಗಿಸಿ ಬರೆದಿದ್ದೇನೆ. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದಿರುವುದರಿಂದ ಮುಂದಿನ ವರ್ಷಗಳಿಗೆ ಸೆಕ್ಷನ್ ನಂಬರುಗಳು ಬದಲಾಗುತ್ತವೆ. ಹಾಗಾಗಿ ನಂಬರು ಹಿಡಿದು ಹುಡುಕಬೇಡಿ, ವಿಷಯ ಹಿಡಿದು ಹುಡುಕಿ.

1. ಪಾಸ್‌ಬುಕ್ಕಿನ ಮೊತ್ತ ಲೆಕ್ಕದ ಕೊನೆಯ ಸಾಲು

ಮೊದಲ ವರ್ಷ ಆಡಿಟರ್ ಹತ್ತಿರ ಪಾಸ್‌ಬುಕ್ ಮಾತ್ರ ಹಿಡಿದುಕೊಂಡು ಹೋಗಿದ್ದೆ. ಅವರು ಅದನ್ನು ತಿರುವಿ ಹಾಕಿ, "ಇದರಲ್ಲಿ ಉಳಿದದ್ದು ಇದೆ, ಬಂದದ್ದು ಎಲ್ಲಿದೆ?" ಎಂದರು. ನನಗೆ ಅರ್ಥವಾಗಲಿಲ್ಲ.

ಒಂದು ತಿಂಗಳನ್ನೇ ತೆಗೆದುಕೊಳ್ಳಿ. ಚಾನೆಲ್ಲಿನ ಗಳಿಕೆ 900 ಡಾಲರ್. ಅದರಲ್ಲಿ ಅಮೆರಿಕದಲ್ಲಿ ಕೂತು ನೋಡಿದವರಿಂದ ಬಂದದ್ದು 300. ಕನ್ನಡ ಚಾನೆಲ್ಲಿಗೆ ಅಷ್ಟೊಂದೇ ಎನ್ನಬೇಡಿ, ಊರು ಬಿಟ್ಟು ಹೋದವರು ಮಳೆಯ ವಿಡಿಯೊವನ್ನು ಕೊನೆವರೆಗೂ ನೋಡುತ್ತಾರೆ. ಆ 300ರ ಮೇಲೆ ಶೇಕಡ 15, ಅಂದರೆ 45 ಡಾಲರ್ ಅಮೆರಿಕದ ತೆರಿಗೆ ಎಂದು ಅಲ್ಲೇ ಹಿಡಿದರು. ಹೊರಟದ್ದು 855. ಡಾಲರಿಗೆ 85 ರೂಪಾಯಿ ಹಿಡಿದರೆ 72,675. ಬ್ಯಾಂಕಿನವರು ತಮ್ಮ ಶುಲ್ಕ ಮುರಿದುಕೊಂಡು ಖಾತೆಗೆ ಹಾಕಿದ್ದು 72,100.

ನಾನು ಬರೆದುಕೊಳ್ಳುತ್ತಿದ್ದದ್ದು ಈ 72,100. ಬರೆಯಬೇಕಾದದ್ದು 900 ಡಾಲರಿನ ರೂಪಾಯಿ, ಅಂದರೆ 76,500. ಅಮೆರಿಕ ಹಿಡಿದದ್ದು ಖರ್ಚಲ್ಲ, ನನ್ನ ಹೆಸರಿನಲ್ಲಿ ಕಟ್ಟಿದ ತೆರಿಗೆ. ಅದನ್ನು ಆದಾಯದಲ್ಲಿ ತೋರಿಸಿದರೆ ಮಾತ್ರ ಆಮೇಲೆ ಇಲ್ಲಿ ವಜಾ ಕೇಳಬಹುದು. ಬ್ಯಾಂಕ್ ಶುಲ್ಕ ಮಾತ್ರ ಖರ್ಚಿನ ಪಟ್ಟಿಗೆ ಹೋಗುತ್ತದೆ. ಇನ್ನು ಜಾಹೀರಾತಿನಲ್ಲಿ ಯೂಟ್ಯೂಬ್ ಇಟ್ಟುಕೊಳ್ಳುವ ಪಾಲು ನನ್ನದಲ್ಲವೇ ಅಲ್ಲ, ಅದನ್ನು ಸೇರಿಸುವ ಗೋಜಿಗೆ ಹೋಗಬೇಡಿ.

ಈಗ ತಿಂಗಳಿಗೊಂದು ಸಾಲು ಬರೆಯುತ್ತೇನೆ: ಗಳಿಕೆ, ಹಿಡಿದ ತೆರಿಗೆ, ಹೊರಟ ಡಾಲರ್, ಬ್ಯಾಂಕಿನ ದರ, ಶುಲ್ಕ, ಖಾತೆಗೆ ಬಂದದ್ದು. ಹತ್ತು ನಿಮಿಷದ ಕೆಲಸ.

2. ಒಂದು ಟಿಕ್ ಗುರುತಿನ ಬೆಲೆ

2021ರ ಜೂನ್‌ನಿಂದ ಯೂಟ್ಯೂಬ್ ಈ ಅಮೆರಿಕದ ತೆರಿಗೆ ಹಿಡಿಯುತ್ತಿದೆ. ಆಡ್‌ಸೆನ್ಸ್ ಖಾತೆಯಲ್ಲಿ W-8BEN ಎಂಬ ಫಾರ್ಮ್ ತುಂಬಿಸಬೇಕು. ತುಂಬಿಸದೇ ಬಿಟ್ಟರೆ ಅಮೆರಿಕದ ಪಾಲಷ್ಟೇ ಅಲ್ಲ, ಇಡೀ ಗಳಿಕೆಯ ಮೇಲೆ ಶೇಕಡ 24ರವರೆಗೆ ಹೋಗಬಹುದು. ನನ್ನ 900ಕ್ಕೆ ಅದು 216 ಡಾಲರ್. ಫಾರ್ಮ್ ತುಂಬಿಸಿ, ಭಾರತ-ಅಮೆರಿಕ ತೆರಿಗೆ ಒಪ್ಪಂದದ ಲಾಭ ಬೇಕು ಎಂಬಲ್ಲಿ ಟಿಕ್ ಹಾಕದಿದ್ದರೆ ಅಮೆರಿಕದ 300ರ ಮೇಲೆ ಶೇಕಡ 30, ಅಂದರೆ 90 ಡಾಲರ್. ಟಿಕ್ ಹಾಕಿದರೆ 45.

ನಾನು ಟಿಕ್ ಹಾಕಿರಲಿಲ್ಲ. ಒಂಬತ್ತು ತಿಂಗಳು ಹಾಗೇ ಹೋಯಿತು. ಹೆಚ್ಚಿಗೆ ಹೋದದ್ದನ್ನು ಇಲ್ಲಿ ವಸೂಲು ಮಾಡೋಣವೆಂದರೆ ಅದೂ ಆಗದು. ಒಪ್ಪಂದದ ದರಕ್ಕಿಂತ ಹೆಚ್ಚು ಕಟ್ಟಿದ ವಿದೇಶಿ ತೆರಿಗೆಯನ್ನು ನಮ್ಮ ಇಲಾಖೆ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಫಾರ್ಮಿಗೆ ಆಯುಸ್ಸೂ ಇದೆ: ಸಹಿ ಹಾಕಿದ ವರ್ಷ ಬಿಟ್ಟು ಮುಂದಿನ ಮೂರನೇ ವರ್ಷದ ಡಿಸೆಂಬರಿಗೆ ಮುಗಿಯುತ್ತದೆ. ನೆನಪಿಗೆ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದೇನೆ.

3. ದುಡ್ಡಿನ ಜೊತೆ ಕಾಗದವೂ ಬರಬೇಕು

ನನ್ನ ಮೊದಲ ಡಾಲರ್ ಹಣ ಬ್ಯಾಂಕಿನಲ್ಲಿ ವಾರಗಟ್ಟಲೆ ಕೂತಿತ್ತು. ಶಾಖೆಯವರಿಗೆ ಇದು ಏತರ ಹಣವೆಂದೇ ಗೊತ್ತಾಗಲಿಲ್ಲ, "ಮಗಳು ಫಾರಿನ್ನಿನಲ್ಲಿದ್ದಾಳಾ?" ಎಂದು ಕೇಳಿದರು. ಸಂಬಂಧಿಕರು ಕಳಿಸಿದ ಹಣವೆಂದು ನಮೂದಾಗಿಬಿಟ್ಟರೆ ಮುಂದೆ ಇದು ಸೇವೆಯ ರಫ್ತು ಎಂದು ತೋರಿಸುವುದು ಕಷ್ಟ. ಹೊರದೇಶದ ಹಣಕ್ಕೆಲ್ಲ ರಿಸರ್ವ್ ಬ್ಯಾಂಕಿನ ಉದ್ದೇಶ ಸಂಕೇತ ಇರುತ್ತದೆ. ಜಾಹೀರಾತಿನ ಆದಾಯಕ್ಕೆ ಬಳಸುವುದು P1007. ಇದನ್ನು ಬರವಣಿಗೆಯಲ್ಲಿ ಕೊಟ್ಟು, ಪ್ರತಿ ಜಮೆಗೂ ವಿದೇಶಿ ಹಣ ಸ್ವೀಕೃತಿ ಪತ್ರ ಕೇಳಿ ತೆಗೆದುಕೊಳ್ಳುತ್ತೇನೆ. ಪತ್ರದಲ್ಲಿ ಕಳಿಸಿದವರ ಹೆಸರು ಓದಿ. ಹೊರದೇಶದ ಕಂಪನಿಯಿಂದ ಡಾಲರಿನಲ್ಲಿ ಬಂದರೆ ಒಂದು ಲೆಕ್ಕ, ಅದೇ ಕಂಪನಿಯ ಭಾರತದ ಕಚೇರಿಯಿಂದ ರೂಪಾಯಿಯಲ್ಲಿ ಬಂದರೆ ಅದು ರಫ್ತಲ್ಲ.

4. ಮಳೆಗಾಲಕ್ಕೆ ಮೊದಲು ಬಿಲ್ಲುಗಳ ಫೋಟೊ

ಪೆಟ್ರೋಲ್ ಬಂಕಿನ ಬಿಲ್ಲು, ಕುಶಾಲನಗರದ ಅಂಗಡಿಯಲ್ಲಿ ಮೆಮೊರಿ ಕಾರ್ಡ್ ಕೊಂಡ ಬಿಲ್ಲು, ಎಲ್ಲವನ್ನೂ ಒಂದು ಬಿಸ್ಕತ್ ಡಬ್ಬಿಯಲ್ಲಿ ಹಾಕಿಟ್ಟಿದ್ದೆ. ಆಗಸ್ಟ್‌ನಲ್ಲಿ ತೆಗೆದು ನೋಡಿದರೆ ಅರ್ಧಕ್ಕರ್ಧ ಬಿಳಿ ಹಾಳೆ, ಉಳಿದದ್ದಕ್ಕೆ ಬೂಷ್ಟು. ಆ ನಯವಾದ ಕಾಗದದ ಮೇಲಿನ ಅಕ್ಷರ ಶಾಯಿಯದಲ್ಲ, ಬಿಸಿಗೆ ಮೂಡುವಂಥದ್ದು. ನಮ್ಮ ಮಳೆಗಾಲ ಅದಕ್ಕೆ ಆಗಿಬರುವುದಿಲ್ಲ. ಈಗ ಬಿಲ್ಲಿನ ಮೇಲೆ ಯಾವ ವಿಡಿಯೊಗೆ ಎಂದು ಪೆನ್ನಿನಲ್ಲಿ ಬರೆದು ಅಂದೇ ಫೋಟೊ ತೆಗೆಯುತ್ತೇನೆ. ವಿಡಿಯೊದ ಹೆಸರಿಲ್ಲದ ಪೆಟ್ರೋಲ್ ಬಿಲ್ಲು ಅತ್ತೆ ಮನೆಗೆ ಹೋದದ್ದೂ ಆಗಿರಬಹುದಲ್ಲ! ಒಬ್ಬರಿಗೆ ಒಂದೇ ದಿನ 10,000 ರೂಪಾಯಿ ಮೀರಿ ನಗದು ಕೊಟ್ಟರೆ ಆ ಖರ್ಚನ್ನು ಒಪ್ಪುವುದಿಲ್ಲ.

ಲ್ಯಾಪ್‌ಟಾಪಿನಂಥ ಸಾಮಾನಿನ ಬೆಲೆಯನ್ನು ಒಂದೇ ವರ್ಷದಲ್ಲಿ ಕಳೆಯಲಾಗದು. ಕಂಪ್ಯೂಟರಿಗೆ ವರ್ಷಕ್ಕೆ ಶೇಕಡ 40 ಸವಕಳಿ. 80,000ದ ಲ್ಯಾಪ್‌ಟಾಪನ್ನು ಜೂನ್‌ನಲ್ಲಿ ಕೊಂಡಿದ್ದರೆ ಆ ವರ್ಷ 32,000 ಕಳೆಯಬಹುದಿತ್ತು. ನಾನು ಡಿಸೆಂಬರಿನ ರಿಯಾಯಿತಿ ನೋಡಿ ಕೊಂಡೆ. 180 ದಿನಕ್ಕಿಂತ ಕಡಿಮೆ ಬಳಸಿದ್ದಕ್ಕೆ ಅರ್ಧವೇ ಸಿಕ್ಕಿತು.

ಇಷ್ಟೆಲ್ಲ ಬೇಡವೆನ್ನುವವರಿಗೆ ಅರ್ಧದ ದಾರಿ ಇದೆ: ಕೆಲವು ವೃತ್ತಿಗಳಲ್ಲಿ ಬಂದ ಹಣದ ಅರ್ಧವನ್ನು ಲಾಭವೆಂದು ಒಪ್ಪಿಕೊಂಡರೆ ಖರ್ಚಿನ ವಿವರ ಕೇಳುವುದಿಲ್ಲ. ಕಾಯ್ದೆಯ ವೃತ್ತಿಗಳ ಪಟ್ಟಿಯಲ್ಲಿ ಯೂಟ್ಯೂಬರ್ ಎಂಬ ಹೆಸರಿಲ್ಲ, ಆದ್ದರಿಂದ ಬಹುಕಾಲ ವಾದವಿತ್ತು. 2025ರಲ್ಲಿ ರಿಟರ್ನ್ ಫಾರ್ಮಿನ ವೃತ್ತಿಗಳ ಗುಂಪಿನಲ್ಲಿ ಸೋಷಿಯಲ್ ಮೀಡಿಯಾ ಇನ್‌ಫ್ಲುಯೆನ್ಸರ್‌ಗಳಿಗೆ 16021 ಎಂಬ ಸಂಕೇತ ಬಂದ ಮೇಲೆ ನಮ್ಮ ಆಡಿಟರ್ ಧೈರ್ಯವಾಗಿ ಇದನ್ನೇ ಬಳಸುತ್ತಿದ್ದಾರೆ. ನಿಮ್ಮವರನ್ನೂ ಕೇಳಿ. ಯೂಟ್ಯೂಬಿನ 9 ಲಕ್ಷ, ಎರಡು ಕಂಪನಿಗಳ ಪ್ರಚಾರದ 5 ಲಕ್ಷ ಸೇರಿ 14 ಲಕ್ಷಕ್ಕೆ ನನ್ನ ಲಾಭ 7 ಲಕ್ಷ. ಅರ್ಧ ಒಪ್ಪಿಕೊಂಡ ಮೇಲೆ ಲ್ಯಾಪ್‌ಟಾಪಿನ ಸವಕಳಿಯನ್ನು ಮತ್ತೆ ಕೇಳುವಂತಿಲ್ಲ. ಹೋಮ್‌ಸ್ಟೇಗೆ ಈ ದಾರಿ ಅನ್ವಯಿಸದು, ಅದರ ಬಿಲ್ಲು ಇಟ್ಟೇ ಇಡಬೇಕು.

5. ಪುಕ್ಕಟೆ ರೂಮು ಪುಕ್ಕಟೆಯಲ್ಲ

ರೆಸಾರ್ಟಿನವರು ಎರಡು ರಾತ್ರಿ ಉಳಿಸಿಕೊಂಡು ರೀಲ್ ಮಾಡಿಸಿಕೊಂಡರೆ ಅದೂ ಆದಾಯ. ವರ್ಷಕ್ಕೆ 20,000 ದಾಟಿದರೆ ಕೊಟ್ಟವರು ಶೇಕಡ 10 ತೆರಿಗೆ ಕಟ್ಟಿಸಬೇಕು. ಕಂಪನಿ ಕೊಟ್ಟ ಫೋನನ್ನು ವಿಡಿಯೊ ಮಾಡಿ ವಾಪಸ್ ಕೊಟ್ಟರೆ ಲೆಕ್ಕವಿಲ್ಲ, ಇಟ್ಟುಕೊಂಡರೆ ಇದೆ. ಕೊರಿಯರ್ ರಸೀದಿ ಜೋಪಾನ.

6. ನೋಂದಣಿ ಯಾವಾಗ

ಸ್ವಂತ ಉದ್ಯೋಗಿ ಎಂದು ಹೆಸರು ಬರೆಸುವ ಒಂದು ರಿಜಿಸ್ಟರ್ ನಮ್ಮ ದೇಶದಲ್ಲಿಲ್ಲ. ಆದಾಯ ತೆರಿಗೆಗೆ ಪ್ಯಾನ್ ಇದ್ದರೆ ಸಾಕು. ಉದ್ಯಮ್ ನೋಂದಣಿ ಕಡ್ಡಾಯವಲ್ಲ, ಸರ್ಕಾರಿ ಪೋರ್ಟಲ್ಲಿನಲ್ಲಿ ಉಚಿತ. ನಾನು ಮಧ್ಯವರ್ತಿಯೊಬ್ಬರಿಗೆ ಎರಡು ಸಾವಿರ ಕೊಟ್ಟೆ ಎಂಬುದನ್ನು ಇಲ್ಲಿ ಹೇಳಿಯೇಬಿಡುತ್ತೇನೆ.

ನಿಜವಾದ ಗೆರೆ ಜಿಎಸ್‌ಟಿಯದು. ಕರ್ನಾಟಕದಲ್ಲಿ ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ 30 ದಿನದೊಳಗೆ ನೋಂದಣಿ. ಇಲ್ಲಿ ಎರಡು ತಪ್ಪು ತಿಳಿವಳಿಕೆಗಳಿವೆ. ರಫ್ತಿಗೆ ತೆರಿಗೆ ಸೊನ್ನೆ, ಆದ್ದರಿಂದ ಡಾಲರ್ ಲೆಕ್ಕಕ್ಕಿಲ್ಲ ಎನ್ನುವುದು ಒಂದು. ಪ್ರತಿ ಕಸುಬಿಗೂ ಬೇರೆ ಬೇರೆ 20 ಲಕ್ಷ ಎನ್ನುವುದು ಇನ್ನೊಂದು. ಎಣಿಕೆ ನಡೆಯುವುದು ಪ್ಯಾನ್ ಮೇಲೆ, ಲಾಭದ ಮೇಲಲ್ಲ, ವಹಿವಾಟಿನ ಮೇಲೆ. ಯೂಟ್ಯೂಬ್ 9, ಪ್ರಚಾರ 5, ಹೋಮ್‌ಸ್ಟೇ ಬಾಡಿಗೆ 7, ಒಟ್ಟು 21. ಫೆಬ್ರವರಿಯಲ್ಲಿ ನಾನು ಗೆರೆ ದಾಟಿದೆ, ಬರೀ ಯೂಟ್ಯೂಬ್ ನೋಡಿಕೊಂಡು ಕೂತಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ನೋಂದಣಿಯಾದ ಮೇಲೆ ಇಲ್ಲಿನ ಕಂಪನಿಗಳ ಬಿಲ್ಲಿಗೆ ಶೇಕಡ 18 ಸೇರಿಸಬೇಕು. ಡಾಲರಿಗೆ ತೆರಿಗೆಯಿಲ್ಲದಿರಲು RFD-11 ಎಂಬ ಮುಚ್ಚಳಿಕೆಯನ್ನು ಪ್ರತಿ ಹಣಕಾಸು ವರ್ಷಕ್ಕೆ ಹೊಸದಾಗಿ ಕೊಡಬೇಕು. ಅದಿಲ್ಲದಿದ್ದರೆ ಮೊದಲು ತೆರಿಗೆ ಕಟ್ಟಿ ಆಮೇಲೆ ವಾಪಸ್ ಕೇಳುವ ಅಲೆದಾಟ. ಮೂರನೇ ಪಾಠದ ಸ್ವೀಕೃತಿ ಪತ್ರ ಕೆಲಸಕ್ಕೆ ಬರುವುದು ಇಲ್ಲೇ. ವಹಿವಾಟಿಲ್ಲದ ತಿಂಗಳಿಗೂ ರಿಟರ್ನ್ ಬಿಡುವಂತಿಲ್ಲ, ದಿನದ ಲೆಕ್ಕದಲ್ಲಿ ದಂಡ ಏರುತ್ತದೆ.

7. ಕಾಫಿ ಸುಮ್ಮನೆ ಕೂರುವುದಿಲ್ಲ

ಕೃಷಿ ಆದಾಯಕ್ಕೆ ತೆರಿಗೆ ಇಲ್ಲ, 12 ಲಕ್ಷದವರೆಗೆ ಯಾವುದಕ್ಕೂ ಇಲ್ಲ ಎಂದು ನಿಶ್ಚಿಂತೆಯಾಗಿದ್ದೆ. ನನ್ನ 7 ಲಕ್ಷಕ್ಕೆ ಹೋಮ್‌ಸ್ಟೇಯಲ್ಲಿ ಖರ್ಚು ಕಳೆದು ಉಳಿದ 4 ಸೇರಿ 11 ಲಕ್ಷ. ಒಣಗಿಸಿ ಮಾರಿದ ಚೆರಿ ಕಾಫಿಯಿಂದ 3 ಲಕ್ಷ.

ಹೊಸ ಪದ್ಧತಿಯಲ್ಲಿ 11 ಲಕ್ಷಕ್ಕೆ ತೆರಿಗೆ 50,000, ಅದು 60,000ದವರೆಗಿನ ರಿಯಾಯಿತಿಯಲ್ಲಿ ಅಳಿಸಿಹೋಗಬೇಕಿತ್ತು. ಆದರೆ ದರ ನಿಗದಿಗೆ ಕಾಫಿಯನ್ನೂ ಸೇರಿಸುತ್ತಾರೆ. ಎರಡೂ ಸೇರಿ 14 ಲಕ್ಷಕ್ಕೆ ತೆರಿಗೆ 90,000. ಅದರಲ್ಲಿ ಕಾಫಿಯ 3 ಮತ್ತು ತೆರಿಗೆಯಿಲ್ಲದ ಮೊದಲ 4, ಒಟ್ಟು 7 ಲಕ್ಷಕ್ಕೆ ಬರುವ 15,000 ಕಳೆದರೆ 75,000. ರಿಯಾಯಿತಿ 60,000 ಹೋಗಿ ಉಳಿದದ್ದು 15,000, ಸೆಸ್ ಸೇರಿ 15,600. ತೋಟ ಅಪ್ಪನ ಹೆಸರಿನಲ್ಲೇ ಇದ್ದು ಆದಾಯ ಅವರದೇ ಆಗಿದ್ದರೆ ಈ ಲೆಕ್ಕ ನನಗೆ ಬರುತ್ತಿರಲಿಲ್ಲ.

ಅಮೆರಿಕ ವರ್ಷಕ್ಕೆ ಹಿಡಿದ 540 ಡಾಲರ್, ಸುಮಾರು 46,000 ರೂಪಾಯಿ, ಇದಕ್ಕೆ ವಜಾ ಆಗುತ್ತದಲ್ಲ ಎಂದು ಫಾರ್ಮ್ 67 ತುಂಬಿಸಿದೆವು. ವಜಾ ಸಿಗುವುದು ಅದೇ ಆದಾಯದ ಮೇಲೆ ಇಲ್ಲಿ ಬರುವ ತೆರಿಗೆಯಷ್ಟು ಮಾತ್ರ. ಇಲ್ಲಿನ ನನ್ನ ತೆರಿಗೆಯೇ ಆದಾಯದ ಶೇಕಡ ಒಂದೂವರೆಯೂ ಇಲ್ಲ. ಕೈಗೆ ಸಿಕ್ಕಿದ್ದು ಎರಡು ಸಾವಿರದ ಆಸುಪಾಸು, ಉಳಿದದ್ದು ಅಲ್ಲೇ ಉಳಿಯಿತು. ಪ್ರಚಾರದ ಕಂಪನಿಗಳು 5 ಲಕ್ಷದಲ್ಲಿ ಶೇಕಡ 10 ಹಿಡಿದು ನನ್ನ ಹೆಸರಿಗೆ ಕಟ್ಟಿದ್ದ 50,000ದಲ್ಲಿ ಮಾತ್ರ ಹೆಚ್ಚಿನಂಶ ವಾಪಸ್ಸಿಗೆ ಬರುವ ಲೆಕ್ಕವಿದೆ.

ಈಗ ನೋಡುಗರು ನಮ್ಮ ತೋಟದ ಕಾಫಿಪುಡಿ ಕಳಿಸಿ ಎನ್ನುತ್ತಿದ್ದಾರೆ. ಹುರಿದು ಪುಡಿ ಮಾಡಿ ಮಾರಿದರೆ ಆ ಲಾಭದ ಶೇಕಡ 40 ಕೃಷಿಯಲ್ಲ, ವ್ಯಾಪಾರ. ಹುರಿದ ಕಾಫಿಗೆ ಜಿಎಸ್‌ಟಿಯೂ ಇದೆ. ಹೆಂಡತಿ ಪ್ಯಾಕೆಟ್ಟಿಗೆ ಹೆಸರು ಹುಡುಕುತ್ತಿದ್ದಾಳೆ, ನಾನು ಮೊದಲು ಆಡಿಟರಿಗೆ ಫೋನ್ ಹಚ್ಚಿದ್ದೇನೆ.