ಶುಲ್ಕಸಹಿತ ಶೋಧ ತಪಾಸಣೆ: ದೊಡ್ಡ ಕೆಲಸಕ್ಕೆ ಮೊದಲ ಮೆಟ್ಟಿಲು

ಜಾಲತಾಣ ಸೇವೆ ಒದಗಿಸುವ ಸಂಸ್ಥೆಯು ಅಪರಿಚಿತ ಗ್ರಾಹಕರ ಮುಂದೆ ನೇರವಾಗಿ ವರ್ಷದ ಒಪ್ಪಂದವನ್ನಿಟ್ಟರೆ ಅವರು ಹಿಂಜರಿಯುವುದು ಸಹಜ. ನಿಗದಿತ ಶುಲ್ಕದ, ಹತ್ತು ದಿನಗಳಲ್ಲಿ ಮುಗಿಯುವ ತಪಾಸಣೆಯಲ್ಲಿ ಅಂತಹ ಅಳುಕಿಲ್ಲ. ಉಚಿತ ವರದಿಯು ಬಹುಪಾಲು ಮೇಜಿನ ಮೇಲೆಯೇ ಉಳಿಯುತ್ತದೆ. ಹಣ ತೆತ್ತವರು ಓದುತ್ತಾರೆ, ಗೂಗಲ್ ಸರ್ಚ್ ಕನ್ಸೋಲ್ ನೋಡಲು ಅನುಮತಿಯನ್ನೂ ನೀಡುತ್ತಾರೆ.

ಪಂಪು ತಯಾರಕರೊಬ್ಬರ ತಾಣವು ನವೀಕರಣಗೊಂಡ ಬಳಿಕ ವಿಚಾರಣೆಗಳು ನಿಂತಿವೆ ಎಂದಿಟ್ಟುಕೊಳ್ಳೋಣ. ಉತ್ಪನ್ನ ಪುಟಗಳು `noindex` ಸೂಚನೆಯಿಂದಾಗಿ ಗೂಗಲ್ ಶೋಧದಿಂದ ಹೊರಗುಳಿದಿರುವುದು ಕನ್ಸೋಲ್‌ನಲ್ಲಿ ಕಾಣುತ್ತದೆ. ಪರೀಕ್ಷಾ ಹಂತದಲ್ಲಿ ಹಾಕಿದ್ದ ಆ ಸೂಚನೆಯನ್ನು ಯಾರೂ ತೆಗೆದಿಲ್ಲ. ಹಳೆಯ ಪುಟಗಳ ವಿಳಾಸಗಳಿಂದ ಹೊಸದಕ್ಕೆ ಕರೆದೊಯ್ಯುವ 301 ಮರುನಿರ್ದೇಶನವೂ ಇಲ್ಲ.

ಮೊದಲ ದೋಷವನ್ನು ತಯಾರಕರ ಸಿಬ್ಬಂದಿಯೇ ಅಲ್ಪ ಸಮಯದಲ್ಲಿ ಸರಿಪಡಿಸಬಲ್ಲರು. ವರದಿಯು ಇದನ್ನು ಮುಚ್ಚಿಡದೆ, ವಿಧಾನಸಹಿತ ತಿಳಿಸಬೇಕು; ಮುಂದಿನ ಕೆಲಸಕ್ಕೆ ಬೇಕಾದ ನಂಬಿಕೆ ಹುಟ್ಟುವುದು ಇಲ್ಲಿಯೇ. ನೂರಾರು ವಿಳಾಸಗಳ ಮರುನಿರ್ದೇಶನ ಹಾಗೂ ಸತ್ತ್ವವಿಲ್ಲದ ಉತ್ಪನ್ನ ವಿವರಣೆಗಳ ಮರುಬರವಣಿಗೆಗೆ ಪ್ರತ್ಯೇಕ ಅಂದಾಜುಪಟ್ಟಿಯನ್ನು ಲಗತ್ತಿಸಬೇಕು. 30 ದಿನಗಳೊಳಗೆ ಒಪ್ಪಿದಲ್ಲಿ ತಪಾಸಣಾ ಶುಲ್ಕವನ್ನು ಆ ಮೊತ್ತದಲ್ಲಿ ವಜಾ ಮಾಡುವ ಷರತ್ತನ್ನು ಮೊದಲ ಪತ್ರದಲ್ಲಿಯೇ ನಮೂದಿಸುವುದು ಲೇಸು.

ಮೊದಲ ಸ್ಥಾನ ದೊರಕಿಸುವ ಭರವಸೆಯನ್ನು ಮಾತ್ರ ಕೊಡಲಾಗದು. ದೋಷ ನಿವಾರಣೆಯಾದ ಮೇಲೂ ಗೂಗಲ್ ಆ ಪುಟಗಳನ್ನು ಮತ್ತೆ ಓದಲು ಕೆಲವು ದಿನಗಳು, ಒಮ್ಮೊಮ್ಮೆ ವಾರಗಳೇ ಹಿಡಿಯುತ್ತವೆ.