ಗಳ ಹೇಳಿದ ನ್ಯಾಯ

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಂದು ಪಾಠವನ್ನು ಬರೆದುಕೊಡಬೇಕೆಂದು ಮಿತ್ರರು ಕೇಳಿದಾಗ, ಗಣಿತದ ತರಗತಿಯಲ್ಲಿ ಭಿನ್ನರಾಶಿಯನ್ನು ಆರಂಭಿಸುವ ಮುನ್ನ ನಾನು ಪ್ರತಿವರ್ಷವೂ ಹೇಳುತ್ತಿದ್ದ ಕಥೆಯೊಂದು ನೆನಪಾಯಿತು. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರಿಗಾದರೂ ಅದು ನೆನಪಿರಬಹುದು. ಊರಿನ ಹೆಸರಾಗಲಿ ಮನೆತನಗಳ ಹೆಸರಾಗಲಿ ಇಲ್ಲಿ ಬೇಡ. ತಳಿ, ಡೆಂಕಣಿಕೋಟೆಗಳ ಕಡೆಯ ಯಾವ ಊರಾದರೂ ಆಗಬಹುದು.

1970ರ ದಶಕದ ಆರಂಭದ ಮಾತು. ಕೃಷ್ಣಗಿರಿ ಜಿಲ್ಲೆಯಾದದ್ದು 2004ರಲ್ಲಿ. ಆಗ ನಮ್ಮ ಸೀಮೆ ಧರ್ಮಪುರಿ ಜಿಲ್ಲೆಗೆ ಸೇರಿತ್ತು. ಆ ಊರಿನಲ್ಲಿ ಇಪ್ಪತ್ತು ಅಡಿ ಉದ್ದ, ಇಪ್ಪತ್ತು ಅಡಿ ಅಗಲದ ಒಂದು ಚೌಕ ಬಾವಿ. ಅದರಲ್ಲಿ ಮೂರು ಮನೆಗಳಿಗೆ ಪಾಲು: ಹಿರಿಮನೆಗೆ ಅರ್ಧ, ನಡುಮನೆಗೆ ಕಾಲು, ಕಿರಿಮನೆಗೆ ಕಾಲು. ಮುತ್ತಾತನ ಕಾಲದಿಂದಲೂ ಹೊತ್ತನ್ನು ಹಂಚಿಕೊಂಡು ಬಂದಿದ್ದರು. ಬೆಳಗಿನ ಆರರಿಂದ ಮಧ್ಯಾಹ್ನ ಹನ್ನೆರಡರವರೆಗೆ ಹಿರಿಮನೆ, ಹನ್ನೆರಡರಿಂದ ಮೂರರವರೆಗೆ ನಡುಮನೆ, ಮೂರರಿಂದ ಆರರವರೆಗೆ ಕಿರಿಮನೆ. ಆರು ಗಂಟೆ, ಮೂರು ಗಂಟೆ, ಮೂರು ಗಂಟೆ. ಲೆಕ್ಕ ಸರಿಯಾಗಿಯೇ ಇತ್ತು. ರಾತ್ರಿ ಯಾರೂ ನೀರೆತ್ತುತ್ತಿರಲಿಲ್ಲ.

ಕಪಿಲೆ ಹೊಡೆಯುತ್ತಿದ್ದ ಕಾಲದಲ್ಲಿ ಈ ಏರ್ಪಾಟಿನಿಂದ ಜಗಳವೇ ಹುಟ್ಟಲಿಲ್ಲ. ಎತ್ತುಗಳು ಇಳಿಜಾರಿನಲ್ಲಿ ಇಳಿದು ಹತ್ತಿ ಎಳೆಯುವ ಚರ್ಮದ ಬಾನಿಯಲ್ಲಿ, ಆರು ಗಂಟೆ ದುಡಿದರೂ ಬಾವಿ ಬರಿದಾಗುತ್ತಿರಲಿಲ್ಲ. ಕಡೆಯ ಸರದಿಯವನಿಗೂ ನೀರು ನಿಂತೇ ಇರುತ್ತಿತ್ತು. ಆಮೇಲೆ ಹಿರಿಮನೆಯವರು ಕರೆಂಟು ಮೋಟಾರು ಕೂಡಿಸಿದರು. ಉಳಿದಿಬ್ಬರು ಆಯಿಲ್ ಎಂಜಿನ್ ತಂದರು. ಹಂಚಿಕೆ ಹಳೆಯದೇ ಉಳಿಯಿತು, ನೀರೆತ್ತುವ ಯಂತ್ರ ಮಾತ್ರ ಬದಲಾಯಿತು. ಒಂದು ಬೇಸಿಗೆಯಲ್ಲಿ ಕಿರಿಮನೆಯ ಟೊಮೇಟೊ ತೋಟ ಗಿಡದಲ್ಲೇ ಒಣಗಿತು. ಕಿರಿಮನೆಯವನು ಮೋಟಾರಿನ ಪೈಪಿಗೆ ಮಚ್ಚು ಎತ್ತಿದನೆಂಬ ಸುದ್ದಿ ಊರೆಲ್ಲ ಹಬ್ಬಿ, ಮರುದಿನ ಎಲ್ಲರೂ ಅರಳಿಕಟ್ಟೆಗೆ ಬಂದರು.

ಮದರಾಸು ಪ್ರಾಂತದಲ್ಲಿ ಊರ ಮುನಸೀಫರಿಗೆ ಸಣ್ಣಪುಟ್ಟ ವ್ಯಾಜ್ಯಗಳನ್ನು ತೀರಿಸುವ ಅಧಿಕಾರವನ್ನು 1816ರ ಕಾನೂನೇ ಕೊಟ್ಟಿತ್ತು. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ರಾಜಾಜಿಯವರ ತಂದೆ ಅಂಥ ಮುನಸೀಫರಾಗಿದ್ದವರು. ಆದರೆ ನಮ್ಮ ಕಥೆಯ ಹಿರಿಯರಿಗೆ ಯಾವ ಸರ್ಕಾರಿ ಅಧಿಕಾರವೂ ಇರಲಿಲ್ಲ. ಅವರು ಊರ ಗೌಡರು, ಅಷ್ಟೇ. ಮೇಲಾಗಿ ಅವರ ಮಗಳನ್ನು ಹಿರಿಮನೆಗೇ ಕೊಟ್ಟಿತ್ತು. ಕಿರಿಮನೆಯವನು ಅದನ್ನು ಎಲ್ಲರೆದುರು ಎತ್ತಿ ಆಡಿದ: “ಗೌಡ್ರೆ, ನಿಮ್ಮ ಮಗಳ ಮನೆಗೆ ವಿರುದ್ಧವಾಗಿ ನೀವು ನ್ಯಾಯ ಹೇಳ್ತೀರಾ?”

ಗೌಡರು ಸಿಟ್ಟಾಗಲಿಲ್ಲ. “ನೀನು ಕೇಳಿದ್ದು ಸರಿಯಪ್ಪ. ಅದಕ್ಕೇ ನಾನು ಬಾಯಲ್ಲಿ ನ್ಯಾಯ ಹೇಳೋದಿಲ್ಲ. ಒಂದು ಬಿದಿರ ಗಳ ತನ್ನಿ, ಅದೇ ಹೇಳಲಿ” ಎಂದರು.

ಮೊದಲು ಅವರು ಪಾಲುಪತ್ರವನ್ನು ಓದಿಸಿದರು. ಹಿರಿಮನೆಯ ಯಜಮಾನರು, “ನೋಡಿ ಬೀಗರೇ, ಅರ್ಧ ನಮ್ಮದು. ಅರ್ಧ ಹೊತ್ತಿಗಿಂತ ಒಂದು ಗಳಿಗೆಯನ್ನೂ ನಾವು ಹೆಚ್ಚು ತಗೊಂಡಿಲ್ಲ” ಎಂದರು. ಗೌಡರು ಪತ್ರವನ್ನು ಮತ್ತೊಮ್ಮೆ ಓದಿಸಿ, “ಇದರಲ್ಲಿ ಬಾವಿಯ ನೀರಿನಲ್ಲಿ ಅರ್ಧ ಎಂದಿದೆ. ಹೊತ್ತಿನಲ್ಲಿ ಅರ್ಧ ಎಂದು ಎಲ್ಲಿದೆ?” ಎಂದು ಕೇಳಿದರು. ಯಾರೂ ಮಾತಾಡಲಿಲ್ಲ.

ಬಿದಿರಿನ ಗಳಕ್ಕೆ ಅಡಿ, ಅರ್ಧ ಅಡಿಗಳ ಗುರುತು ಕೊಯ್ದರು. ಆ ಸಂಜೆ ಆರಕ್ಕೆ ಯಂತ್ರಗಳು ನಿಂತಾಗ ಬಾವಿಯ ತಳದಲ್ಲಿ ಉಳಿದಿದ್ದುದು ಒಂದು ಅಡಿ ನೀರು. ಮೂರು ಮನೆಯಿಂದಲೂ ಒಬ್ಬೊಬ್ಬರು ರಾತ್ರಿ ಬಾವಿಯ ಬಳಿ ಮಲಗಿದರು. ಬೆಳಿಗ್ಗೆ ಆರಕ್ಕೆ ಗಳ ಇಳಿಬಿಟ್ಟಾಗ ಏಳು ಅಡಿ. ಹನ್ನೆರಡು ಗಂಟೆಯಲ್ಲಿ ಒರತೆ ಆರು ಅಡಿ ಏರಿತ್ತು. ಹಿರಿಮನೆಯ ಮೋಟಾರು ಎಂದಿನಂತೆ ಓಡಿತು. ಮಧ್ಯಾಹ್ನದ ಹೊತ್ತಿಗೆ ನೀರು ಮತ್ತೆ ಒಂದು ಅಡಿಗೆ ಇಳಿಯಿತು. ಅಂದು ಮಧ್ಯಾಹ್ನ ಉಳಿದಿಬ್ಬರೂ ನೀರೆತ್ತಬಾರದೆಂದು ಗೌಡರು ಕೇಳಿಕೊಂಡರು. ಸಂಜೆ ಆರಕ್ಕೆ ನಾಲ್ಕು ಅಡಿ. ಆರು ಗಂಟೆಗೆ ಮೂರು ಅಡಿ. ಅಲ್ಲಿಗೆ ರಾತ್ರಿಯಾದರೂ ಹಗಲಾದರೂ ಒರತೆ ಗಂಟೆಗೆ ಅರ್ಧ ಅಡಿ ಎಂಬುದು ಎಲ್ಲರ ಕಣ್ಣೆದುರೇ ಗೊತ್ತಾಯಿತು.

ಆ ಬಾವಿಯಲ್ಲಿ ಒಂದು ಅಡಿ ನೀರೆಂದರೆ 400 ಘನ ಅಡಿ, ಸುಮಾರು 11,300 ಲೀಟರು. ಗೌಡರಿಗೆ ಲೀಟರಿನ ಲೆಕ್ಕ ಬೇಕಾಗಲಿಲ್ಲ; ಅಡಿಯ ಲೆಕ್ಕವೇ ಸಾಕಾಯಿತು. ದಿನಕ್ಕೆ ಒಟ್ಟು ಬರುವ ನೀರು ಹನ್ನೆರಡು ಅಡಿ. ಹಿರಿಮನೆ ತನ್ನ ಸರದಿಯಲ್ಲಿ ರಾತ್ರಿ ನಿಂತ ಆರು ಅಡಿಯನ್ನೂ, ಎತ್ತುತ್ತಿರುವಾಗ ಊರಿದ ಮೂರು ಅಡಿಯನ್ನೂ ತೆಗೆಯುತ್ತಿತ್ತು: ಒಟ್ಟು ಒಂಬತ್ತು. ನಡುಮನೆಗೆ ಒಂದೂವರೆ, ಕಿರಿಮನೆಗೆ ಒಂದೂವರೆ. ಪತ್ರದ ಪ್ರಕಾರ ಸಿಗಬೇಕಾದದ್ದು ಆರು, ಮೂರು, ಮೂರು. ಹಿರಿಮನೆಯವರು ಹೊತ್ತನ್ನು ಕದಿಯಲಿಲ್ಲ, ಸುಳ್ಳನ್ನೂ ಹೇಳಲಿಲ್ಲ. ಆದರೂ ಅರ್ಧ ಪಾಲಿನವರಿಗೆ ಮುಕ್ಕಾಲು ಪಾಲು ನೀರು ಹೋಗುತ್ತಿತ್ತು. ರಾತ್ರಿಯ ಒರತೆಗೆ ಯಾರ ಹೆಸರೂ ಇರಲಿಲ್ಲ. ಬೆಳಿಗ್ಗೆ ಮೊದಲು ಬಂದವರಿಗೆ ಅದು ಸೇರುತ್ತಿತ್ತು.

ಸರದಿಯ ಕ್ರಮವನ್ನು ದಿನವೂ ತಿರುಗಿಸಿದರೆ ಸಾಕೆಂದು ಯಾರೋ ಸೂಚಿಸಿದರು. ಗೌಡರು ಒಪ್ಪಲಿಲ್ಲ. ಮೂರು ಗಂಟೆಯ ಸರದಿಯವನು ಬೆಳಿಗ್ಗೆ ಬಂದರೂ ಅವನ ಎಂಜಿನ್ ಅಷ್ಟರಲ್ಲಿ ಇಡೀ ಆರು ಅಡಿಯನ್ನು ಎತ್ತಲಾರದು. ಉಳಿದದ್ದು ಮುಂದಿನವನ ಪಾಲಾಗುತ್ತದೆ. ಆದ್ದರಿಂದ ಅವರು ಗಂಟೆಗಳನ್ನು ಬಿಟ್ಟು ದಿನಗಳನ್ನು ಹಂಚಿದರು. ಮೊದಲ ದಿನ ಹಿರಿಮನೆ, ಎರಡನೆಯ ದಿನ ನಡುಮನೆ, ಮೂರನೆಯ ದಿನ ಮತ್ತೆ ಹಿರಿಮನೆ, ನಾಲ್ಕನೆಯ ದಿನ ಕಿರಿಮನೆ. ಸಂಜೆ ಆರರಿಂದ ಮರುದಿನ ಸಂಜೆ ಆರರವರೆಗೆ ಒಂದು ದಿನ. ರಾತ್ರಿಯ ಒರತೆ ಮರುದಿನದವನದು. ಕರೆಂಟು ಹೋಗಿ ನೀರು ಉಳಿದರೆ ಸಂಜೆ ಗಳದಲ್ಲಿ ಅಳೆದು, ತಳದ ಒಂದು ಅಡಿಗಿಂತ ಮೇಲೆ ಉಳಿದದ್ದನ್ನು ಆ ದಿನದವನ ಬಾಕಿಯೆಂದು ಬರೆಯಬೇಕು. ಅವನು ಅದನ್ನು ಆಮೇಲೆ ತೆಗೆದುಕೊಳ್ಳಬಹುದು. ಸಸಿಯ ಪಾತಿಗೂ ದನಗಳಿಗೂ ಕೊಡದಲ್ಲಿ ಸೇದುವ ನೀರಿಗೆ ಸರದಿಯಿಲ್ಲ. ಮೂವರ ಒಪ್ಪಿಗೆಯಿಲ್ಲದೆ ಬಾವಿಯನ್ನು ಆಳ ಮಾಡಬಾರದು. ಮಾಡಿದರೆ ಖರ್ಚೂ ಅರ್ಧ, ಕಾಲು, ಕಾಲು.

ಹಿರಿಮನೆಯ ಯಜಮಾನರು ಬಹಳ ಹೊತ್ತು ಸುಮ್ಮನಿದ್ದರು. ಅವರ ಹಿಪ್ಪುನೇರಳೆ ತೋಟದಲ್ಲಿ ಒಂದಿಷ್ಟು ಭಾಗವನ್ನು ಬೇಸಿಗೆಯಲ್ಲಿ ಬಿಡಲೇಬೇಕಾಗಿತ್ತು. ಕೊನೆಗೆ, “ಗಳ ಹಿಡಿದವನು ನಮ್ಮ ಹುಡುಗನೇ. ಇಲ್ಲ ಅನ್ನೋದು ಹೇಗೆ?” ಎಂದು ಎದ್ದರು. ಮುಂದಿನ ದೀಪಾವಳಿಗೆ ಗೌಡರ ಮಗಳನ್ನು ತವರಿಗೆ ಕಳುಹಿಸಲಿಲ್ಲವೆಂದು ಊರಿನವರು ಹೇಳುತ್ತಿದ್ದರು. ಆ ವರ್ಷದ ಹೋಳಿಗೆಯೊಂದು ತಪ್ಪಿತೆಂದಷ್ಟೇ ಗೌಡರು ಹೇಳಿದರಂತೆ.

ಈ ಹಂಚಿಕೆಯ ಗುಣವೊಂದನ್ನು ವಿದ್ಯಾರ್ಥಿಗಳು ಗಮನಿಸಬೇಕು. ಬೇಸಿಗೆ ಬಲಿತು ಒರತೆ ಅರ್ಧಕ್ಕೆ ಇಳಿದರೂ ಪಾಲು ಕೆಡುವುದಿಲ್ಲ. ಕೊರತೆಯೂ ಅದೇ ಲೆಕ್ಕದಲ್ಲಿ ಹಂಚಿಹೋಗುತ್ತದೆ. ಅದಕ್ಕೆ ಮಿತಿಯೂ ಉಂಟು. ಮುಂದೆ ಕೊಳವೆ ಬಾವಿಗಳು ಬಂದು, ನೂರಾರು ಅಡಿ ಆಳದಿಂದ ನೀರೆಳೆಯತೊಡಗಿದಾಗ, ತೆರೆದ ಬಾವಿಯ ಒರತೆಯೇ ಬತ್ತುವುದುಂಟು. ಆ ನೀರು ಯಾರ ಕಣ್ಣಿಗೂ ಕಾಣದು, ಬಿದಿರ ಗಳಕ್ಕೂ ಎಟುಕದು.

ಅಭ್ಯಾಸಕ್ಕೆ ಒಂದು ಪ್ರಶ್ನೆ: ಒರತೆ ಗಂಟೆಗೆ ಕಾಲು ಅಡಿಗೆ ಇಳಿದಾಗ ಹಳೆಯ ಸರದಿಯಲ್ಲಿ ಯಾರಿಗೆ ಎಷ್ಟು ಅಡಿ, ಹೊಸ ಸರದಿಯಲ್ಲಿ ನಾಲ್ಕು ದಿನಕ್ಕೆ ಯಾರಿಗೆ ಎಷ್ಟು ಅಡಿ? ಮನೆಯ ಮಕ್ಕಳಿಗೆ ಕೊಟ್ಟು ನೋಡಿರಿ. ಉತ್ತರ ಬಂದ ಮೇಲೆ, ಹಿರಿಮನೆಯವರ ತಪ್ಪೇನು ಎಂದೂ ಕೇಳಿರಿ. ಎರಡನೆಯ ಪ್ರಶ್ನೆಗೆ ನನ್ನ ತರಗತಿಯಲ್ಲಿ ಒಂದೇ ಉತ್ತರ ಎಂದೂ ಬರಲಿಲ್ಲ.