ನೋಟಿಸ್ ಬರೆಯಲು ಕೂತರೆ ಕೈ ನಡುಗುತ್ತದೆ

ಪ್ರಶ್ನೆ: ಮುಂಬೈಯ ಮುಲುಂಡ್‌ನಲ್ಲಿರುವ ನಮ್ಮ ವಸತಿ ಸಹಕಾರ ಸೊಸೈಟಿಯಲ್ಲಿ 42 ಮನೆಗಳಿವೆ. ಈ ವರ್ಷ ನನ್ನನ್ನು ಕಾರ್ಯದರ್ಶಿ ಮಾಡಿದ್ದಾರೆ. ಕಳೆದ ವರ್ಷದ ವಾರ್ಷಿಕ ಸಭೆಯಲ್ಲಿ ಕಟ್ಟಡಕ್ಕೆ ಬಣ್ಣ ಬಳಿಸುವ ನಿರ್ಣಯವಾಯಿತು. ‘ಅದು ನೋಟಿಸ್‌ನಲ್ಲೇ ಇರಲಿಲ್ಲ’ ಎಂದು ದೊಡ್ಡ ಗಲಾಟೆಯಾಗಿ, ಕೆಲವರು ಈಗಲೂ ಮಾತಾಡಿಸುವುದಿಲ್ಲ. ಈ ಸಲ ನೋಟಿಸ್ ಬರೆಯಬೇಕಾದವಳು ನಾನು. ತಪ್ಪಾದರೆ ಎಂಬ ಭಯಕ್ಕೆ ನಿದ್ದೆ ಬರುತ್ತಿಲ್ಲ.

ಉತ್ತರ: ದಿನಾ ಲಿಫ್ಟಿನಲ್ಲಿ ಎದುರಾಗುವ ಮುಖಗಳ ಮುಂದೆ ತಪ್ಪಿತಸ್ಥರಂತೆ ನಿಲ್ಲಬೇಕಾದೀತು ಎಂಬ ಅಳುಕು ಸಣ್ಣದಲ್ಲ. ಸಂಬಳವಿಲ್ಲದೆ ಈ ಹೊಣೆ ಹೊತ್ತ ಅನೇಕರಿಗೆ ಇದೇ ಅಳುಕಿದೆ. ಅದಕ್ಕಾಗಿ ನಾಚಬೇಡಿ.

ಆದರೆ ಆ ಸಿಟ್ಟು ಯಾವುದರ ಮೇಲಿತ್ತು ಎಂದು ಒಮ್ಮೆ ಯೋಚಿಸಿ. ಬಣ್ಣದ ವಿಷಯ ಬರುತ್ತದೆಂದು ಗೊತ್ತಿದ್ದರೆ ಅವರು ರಜೆ ಹಾಕಿಯಾದರೂ ಬರುತ್ತಿದ್ದರೇನೋ. ಗೊತ್ತಿಲ್ಲದೆ ಮನೆಯಲ್ಲಿ ಉಳಿದರು, ಆಮೇಲೆ ಹಣ ಕೊಡಿ ಎಂಬ ಚೀಟಿ ಬಂತು. ಹಾಗಾಗಿ ನೋಟಿಸನ್ನು ನಿಮ್ಮ ಪರೀಕ್ಷೆ ಎಂದುಕೊಳ್ಳಬೇಡಿ. ಸಭೆಗೆ ಬರಬೇಕೋ ಬೇಡವೋ ಎಂದು ಒಬ್ಬ ಸದಸ್ಯ ಮನೆಯಲ್ಲಿ ಕೂತು ತೀರ್ಮಾನಿಸಲು ಏನೇನು ಗೊತ್ತಿರಬೇಕೋ ಅಷ್ಟೂ ಅದರಲ್ಲಿರಬೇಕು.

ಮೊದಲು ದಿನ ಎಣಿಸಿ. ಮಹಾರಾಷ್ಟ್ರದಲ್ಲಿ ಈ ಸಭೆ ಸೆಪ್ಟೆಂಬರ್ 30ರೊಳಗೆ ನಡೆಯಬೇಕು. ಮಾದರಿ ಉಪವಿಧಿಗಳ ಪ್ರಕಾರ ಅದಕ್ಕೆ ಪೂರ್ಣ 14 ದಿನಗಳ ನೋಟಿಸ್ ಬೇಕು. ನೋಟಿಸ್ ತಲುಪಿದ ದಿನ, ಸಭೆಯ ದಿನ ಎರಡೂ ಲೆಕ್ಕಕ್ಕಿಲ್ಲ. 20ನೇ ತಾರೀಖು ಸಭೆಯಾದರೆ 5ರೊಳಗೆ ಎಲ್ಲರ ಕೈಸೇರಿರಬೇಕು, 6ಕ್ಕೆ ಕೊಟ್ಟರೆ ಒಂದು ದಿನ ಕಡಿಮೆ. ಕೊಟ್ಟಿದ್ದಕ್ಕೆ ಸಹಿ ಹಾಕಿಸಿಕೊಳ್ಳಿ. ನೋಟಿಸ್ ಬೋರ್ಡಿಗೂ ಒಂದು ಪ್ರತಿ ಹಚ್ಚಿ.

ಸೊಸೈಟಿಯ ಹೆಸರು, ನೋಂದಣಿ ಸಂಖ್ಯೆ, ಸಭೆಯ ದಿನ, ಹೊತ್ತು, ಜಾಗ ಇವನ್ನು ಯಾರೂ ಮರೆಯುವುದಿಲ್ಲ. ಮರೆಯುವುದು ಕೋರಂ ಕುರಿತ ಸಾಲನ್ನು. ಸದಸ್ಯರಲ್ಲಿ ಮೂರನೇ ಎರಡು ಭಾಗ ಅಥವಾ 20 ಜನ, ಇದರಲ್ಲಿ ಯಾವುದು ಕಡಿಮೆಯೋ ಅದು ಕೋರಂ. ನಿಮಗೆ 20 ಜನ ಸಾಕು. ಅರ್ಧ ಗಂಟೆಯಲ್ಲಿ ಅಷ್ಟು ಜನ ಸೇರದಿದ್ದರೆ ಸಭೆ ಮುಂದಕ್ಕೆ ಹೋಗುತ್ತದೆ. ಅದೇ ದಿನ ಮತ್ತೆ ಸೇರಬೇಕೆಂದರೆ ಆ ಹೊತ್ತನ್ನು ನೋಟಿಸ್‌ನಲ್ಲೇ ಬರೆದಿರಬೇಕು. ಬರೆದಿಲ್ಲವೆಂದರೆ 7 ದಿನ ಕಳೆದ ಮೇಲೆ, 30 ದಿನದೊಳಗೆ ಇನ್ನೊಂದು ದಿನ ಸೇರಬೇಕು. ಹಾಗೆ ಮತ್ತೆ ಸೇರಿದ ಸಭೆಗೆ ಕೋರಂ ಬೇಕಿಲ್ಲ, ಆದರೆ ಮೊದಲಿನ ಕಾರ್ಯಸೂಚಿಯನ್ನಷ್ಟೇ ನಡೆಸಬಹುದು.

ಇನ್ನು ಕಾರ್ಯಸೂಚಿ. ಹಿಂದಿನ ಸಭೆಯ ನಡಾವಳಿ ಮತ್ತು ಅದರ ಮೇಲೆ ಆದ ಕೆಲಸ, ಸಮಿತಿಯ ವರದಿಯೊಂದಿಗೆ ವರ್ಷದ ಲೆಕ್ಕಪತ್ರ, ಆಡಿಟ್ ವರದಿ ಬಂದಿದ್ದರೆ ಅದು ಮತ್ತು ದೋಷ ಸರಿಪಡಿಸಿದ ವಿವರ, ಸರ್ಕಾರಿ ಪಟ್ಟಿಯಿಂದ ಮುಂದಿನ ಆಡಿಟರ್ ನೇಮಕ, ರಿಜಿಸ್ಟ್ರಾರ್ ಕಡೆಯಿಂದ ಬಂದ ಮುಖ್ಯ ಪತ್ರಗಳು ಪ್ರತಿವರ್ಷ ಬರುವಂಥವು. ಲೆಕ್ಕಪತ್ರವನ್ನು ನೋಟಿಸ್ ಜೊತೆಗೇ ಕೊಡಿ, ಸಭೆಯಲ್ಲಿ ಹಂಚಿದರೆ ಓದಲು ಯಾರಿಗೂ ಪುರುಸೊತ್ತಿರುವುದಿಲ್ಲ.

ಕೊನೆಗೆ ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಇತರ ವಿಷಯಗಳು’ ಎಂಬ ಸಾಲು ಇದ್ದೇ ಇರುತ್ತದೆ. ನಿಮ್ಮ ಸೊಸೈಟಿಯ ಜಗಳ ಹುಟ್ಟಿದ್ದು ಇಲ್ಲೇ ಎಂದು ನನ್ನ ಊಹೆ. ಮುಂಚಿತವಾಗಿ ನೋಟಿಸ್ ಕೊಡಲೇಬೇಕಾದ ವಿಷಯವನ್ನು ಈ ಸಾಲಿನಡಿ ತರುವಂತಿಲ್ಲ. ಸಮಿತಿ ತಾನಾಗಿ ಮಾಡಬಹುದಾದ ದುರಸ್ತಿ ಖರ್ಚಿಗೆ ಉಪವಿಧಿಯಲ್ಲಿ ಮಿತಿಯಿದೆ. ಅದನ್ನು ಮೀರುವ ಕೆಲಸಕ್ಕೆ, ಉಪವಿಧಿ ತಿದ್ದುಪಡಿಗೆ ಪ್ರತ್ಯೇಕ ಸಾಲು ಬೇಕು. ‘ಬಣ್ಣದ ಬಗ್ಗೆ ಚರ್ಚೆ’ ಎಂದಷ್ಟೇ ಬರೆದರೆ ಸಾಲದು. ‘ಹೊರಗೋಡೆಗೆ ಬಣ್ಣ ಬಳಿಸಲು ಬಂದ ಮೂರು ದರಪಟ್ಟಿಗಳನ್ನು ಪರಿಶೀಲಿಸುವುದು, ಅಂದಾಜು 14 ಲಕ್ಷ ರೂಪಾಯಿ ಖರ್ಚಿನಲ್ಲಿ ದುರಸ್ತಿ ನಿಧಿಯಿಂದ ಎಷ್ಟು, ಪ್ರತಿ ಮನೆಯಿಂದ ಎಷ್ಟು ಎಂದು ತೀರ್ಮಾನಿಸುವುದು’ ಎಂದು ಬರೆದರೆ ಓದಿದವರಿಗೆ ತಮ್ಮ ಜೇಬಿನ ವಿಷಯ ತಿಳಿಯುತ್ತದೆ. ಕೆಳಗೆ ‘ಸಮಿತಿಯ ಆದೇಶದಂತೆ’ ಎಂದು ಬರೆದು ಸಹಿ ಮಾಡಿ. ಇದು ಸಮಿತಿಯ ಒಪ್ಪಿಗೆಯಿಂದ ಹೋಗುವ ಕಾಗದ, ಪೂರ್ತಿ ಭಾರ ನಿಮ್ಮೊಬ್ಬರದಲ್ಲ.

ಇದನ್ನು ಓದುತ್ತಿರುವ ಕರ್ನಾಟಕದವರು ಈ ದಿನಗಳ ಲೆಕ್ಕವನ್ನು ಹಾಗೇ ಎತ್ತಿಕೊಳ್ಳಬಾರದು. ಇಲ್ಲಿ 1959ರ ಕರ್ನಾಟಕ ಸಹಕಾರ ಸಂಘಗಳ ಕಾಯ್ದೆ ಬೇರೆಯೇ ಇದೆ. ಮುಲುಂಡ್‌ನ ನೀವೂ ನಿಮ್ಮ ಸೊಸೈಟಿಯ ನೋಂದಾಯಿತ ಉಪವಿಧಿ ಪುಸ್ತಕ ತೆರೆದು ಒಮ್ಮೆ ತಾಳೆ ನೋಡಿ.

ಕರಡು ಸಿದ್ಧವಾದ ಮೇಲೆ, ಕಳೆದ ವರ್ಷ ಎಲ್ಲರಿಗಿಂತ ಜೋರಾಗಿ ಆಕ್ಷೇಪಿಸಿದವರ ಮನೆಗೆ ಹೋಗಿ ‘ಏನಾದರೂ ಬಿಟ್ಟುಹೋಗಿದೆಯಾ, ನೋಡ್ತೀರಾ?’ ಎಂದು ಕೇಳಿ. ಅವರೂ ಸೊಸೈಟಿ ಸರಿಯಾಗಿ ನಡೆಯಲೆಂದೇ ಕೂಗಿದ್ದಾರು. ಹಳೆಯ ಬಣ್ಣದ ನಿರ್ಣಯದ ತಕರಾರು ಇನ್ನೂ ಉಳಿದಿದ್ದರೆ ನೀವೊಬ್ಬರೇ ತೀರ್ಪು ಹೇಳಲು ಹೋಗಬೇಡಿ. ಜಿಲ್ಲಾ ಗೃಹನಿರ್ಮಾಣ ಸಹಕಾರ ಒಕ್ಕೂಟದಲ್ಲಿ ಸಲಹೆ ಕೇಳಿ, ಬೇಕಾದರೆ ನಿಮ್ಮ ವಾರ್ಡಿನ ಉಪನಿಬಂಧಕರ ಕಚೇರಿಗೆ ಸಮಿತಿಯ ಪರವಾಗಿ ಲಿಖಿತ ಪತ್ರ ಕೊಡಿ.